15.5 ಶೇಕಡಾ ಎಲ್ಲಿಂದ ಬಂತು?

ಕರೆಂಟ್ ಬಿಲ್ ಜಾಸ್ತಿಯಾದಾಗ ಕಲ್ಲಿದ್ದಲಿನ ಬಗ್ಗೆ ಮಾತಾಡ್ತೀವಿ. ಕೂಡಗಿಯಂಥ ಸ್ಥಾವರದಲ್ಲಿ ಹಾಕಿದ ದುಡ್ಡಿಗೆ ಎಷ್ಟು ಪ್ರತಿಫಲ ಅಂತ ಯಾರೂ ಕೇಳಲ್ಲ. ಅದನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. 2001ರಲ್ಲಿ 16 ಶೇಕಡಾ, 2004ರಲ್ಲಿ 14, 2009ರಿಂದ 15.5.

ಲೆಕ್ಕ ಹೀಗೆ. ಯೋಜನೆಗೆ 100 ಕೋಟಿ ಬೇಕು ಅಂದುಕೊಳ್ಳಿ. ಆಯೋಗದ ಪ್ರಕಾರ 70 ಕೋಟಿ ಸಾಲ, 30 ಕೋಟಿ ಮಾಲೀಕರ ಬಂಡವಾಳ. ಸಾಲದ ಬಡ್ಡಿ 9 ಆದರೆ 6.3 ಕೋಟಿ, ಬಂಡವಾಳಕ್ಕೆ 15.5ರಂತೆ 4.65 ಕೋಟಿ. ಒಟ್ಟು 10.95 ಶೇಕಡಾ, ತೆರಿಗೆ ಬದಿಗಿಟ್ಟು. ಇದೇ ಬಂಡವಾಳದ ವೆಚ್ಚ. ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವಾಗ ಬಳಸುವ ಡಿಸ್ಕೌಂಟ್ ದರವೂ ಇಂಥದ್ದೇ ಲೆಕ್ಕದಿಂದ ಬರುತ್ತದೆ. ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ 25 ವರ್ಷದ ನಂತರ ಸಿಗುವ 100 ರೂಪಾಯಿ 10 ಶೇಕಡಾದಲ್ಲಿ ಇವತ್ತಿಗೆ 9.23 ರೂಪಾಯಿ, 9ರಲ್ಲಿ 11.60.

ಸಾಲದ ಬಡ್ಡಿ ಕಾಗದದ ಮೇಲೆ ಇರುತ್ತದೆ, ಬ್ಯಾಂಕ್ ಬರೆದುಕೊಟ್ಟಿರುತ್ತದೆ. ಬಂಡವಾಳದ ಬೆಲೆಯನ್ನು ಯಾರೂ ಬರೆದುಕೊಡಲ್ಲ, ಕಟ್ಟಬೇಕು. ಮೊದಲು ಸರ್ಕಾರಿ ಬಾಂಡಿನ ದರ ತಗೋಬೇಕು. ಷೇರು ಪೇಟೆ ಅದಕ್ಕಿಂತ ಎಷ್ಟು ಹೆಚ್ಚು ಕೊಡಬೇಕು ಅನ್ನುವುದು ರಿಸ್ಕ್ ಪ್ರೀಮಿಯಂ. ಈ ವ್ಯಾಪಾರ ಪೇಟೆಗಿಂತ ಎಷ್ಟು ಜೋರಾಗಿ ಏರಿಳಿಯುತ್ತದೆ ಅನ್ನುವುದು ಬೀಟಾ. ಪ್ರೀಮಿಯಂ ಅನ್ನು ಬೀಟಾದಿಂದ ಗುಣಿಸಿ ಬಾಂಡ್ ದರಕ್ಕೆ ಸೇರಿಸಿದರೆ ಮುಗೀತು. ಎಡವಟ್ಟು ಆಗೋದು ಪ್ರೀಮಿಯಂನಲ್ಲೇ. ಯಾವ ವರ್ಷದಿಂದ ಎಣಿಸಬೇಕು? ಸರಾಸರಿ ಯಾವ ತರಹದ್ದು? ಉತ್ತರ ಬದಲಾದರೆ ಒಂದೆರಡು ಶೇಕಡಾ ಆಚೀಚೆ ಆಗುತ್ತದೆ. ಇನ್ನೊಂದು ತಪ್ಪು ತುಂಬ ಸಾಮಾನ್ಯ: ರೂಪಾಯಿ ಬಾಂಡಿನ ದರದಲ್ಲೇ ಭಾರತದ ಅಪಾಯಕ್ಕೆ ಸ್ವಲ್ಪ ಬೆಲೆ ಸೇರಿರುತ್ತದೆ. ಅದರ ಮೇಲೆ ದೇಶದ ಅಪಾಯ ಸೇರಿಸಿದ ಪ್ರೀಮಿಯಂ ಹಾಕಿದರೆ ಒಂದೇ ಭಯಕ್ಕೆ ಎರಡು ಸಲ ದುಡ್ಡು.

ಈಗ ಕಥೆಯ ಮುಖ್ಯ ಭಾಗ. 2014ರ ಆರಂಭದಲ್ಲಿ 10 ವರ್ಷದ ಸರ್ಕಾರಿ ಬಾಂಡ್ ಸುಮಾರು 9 ಶೇಕಡಾ ಕೊಡುತ್ತಿತ್ತು. ಅಂದರೆ 15.5ರಲ್ಲಿ ಅಪಾಯಕ್ಕೆಂದು ಉಳಿದದ್ದು 6.5. 2020ರಲ್ಲಿ ಬಾಂಡ್ ಹತ್ತಿರ ಹತ್ತಿರ 6ಕ್ಕೆ ಇಳಿಯಿತು. 15.5 ಅಲ್ಲೇ ಕೂತಿತ್ತು, ಹಾಗಾಗಿ ಉಳಿಕೆ 9.5 ಆಯಿತು. ವ್ಯಾಪಾರ ಅಷ್ಟು ಅಪಾಯದ್ದಾಯಿತಾ? ಆಗಿರಲಿಕ್ಕಿಲ್ಲ. ಸ್ಥಾವರ ಸಿದ್ಧವಿದ್ದರೆ, ನಾವು ಕರೆಂಟ್ ತಗೊಳ್ಳದಿದ್ದರೂ ಸ್ಥಿರ ವೆಚ್ಚ ಸಿಗುತ್ತದೆ ಅಲ್ವಾ. ಹಳೆಯ 6.5ನ್ನೇ ಇಟ್ಟಿದ್ದರೆ ದರ 12.5. ನಮ್ಮ 30 ಕೋಟಿ ಮೇಲೆ ವರ್ಷಕ್ಕೆ 90 ಲಕ್ಷದ ಫರಕು.

ಇನ್ನೊಂದು ಕಡೆಯ ಮಾತೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ದರ ಪದೇ ಪದೇ ಅಲ್ಲಾಡಿದರೆ 25 ವರ್ಷಕ್ಕೆ ಯಾರು ದುಡ್ಡು ಹಾಕ್ತಾರೆ ಅನ್ನುತ್ತಾರೆ. ಆದರೆ ಸಾಲದ ಬಡ್ಡಿ ಇಳಿದರೆ ಅದು ದರಪಟ್ಟಿಯಲ್ಲಿ ಕಾಣುತ್ತದೆ, ಬಂಡವಾಳದ ಭಾಗ ಮಾತ್ರ ಅಲ್ಲಾಡುವುದಿಲ್ಲ. 2024ರ ನಿಯಮಗಳಲ್ಲಿ ಹೊಸ ಪ್ರಸರಣ ಮಾರ್ಗಗಳಿಗೆ 15 ಮಾಡಿದರು. ಉಷ್ಣ ಸ್ಥಾವರಗಳಿಗೆ 15.5 ಹಾಗೇ ಇದೆ.