ಆನ್ ಆಗಿ ಒಂದೇ ಸೆಕೆಂಡಿಗೆ ಆಫ್: ಎಸ್‌ಎಂಪಿಎಸ್ ಹೋಯ್ತಾ, ಶಾರ್ಟ್ ಆಗಿದೆಯಾ?

ಪ್ರಶ್ನೆ: ಡೆಸ್ಕ್‌ಟಾಪ್ ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ. ಹೊಸ ಎಸ್‌ಎಂಪಿಎಸ್ ತರಲಾ?

ಈಗಲೇ ದುಡ್ಡು ಹಾಕಬೇಡಿ. ಮೊದಲು ಬಟನ್ ಇನ್ನೊಮ್ಮೆ ಒತ್ತಿ ನೋಡಿ. ಏನೂ ಆಗದೆ, ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ ಮೇಲೆ ಮಾತ್ರ ಮತ್ತೆ ಒಂದು ಸುತ್ತು ತಿರುಗಿದರೆ, ಶಾರ್ಟ್ ಮೇಲೆ ಅನುಮಾನ ಜಾಸ್ತಿ. ಕರೆಂಟ್ ಮಿತಿ ಮೀರಿದ್ದು ಕಂಡ ತಕ್ಷಣ ಎಸ್‌ಎಂಪಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಂಡು ಹಟ ಹಿಡಿದು ಕೂರುತ್ತದೆ. ಅಂದರೆ ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ! ತಾನಾಗಿಯೇ ಆನ್-ಆಫ್ ಆಗುತ್ತಲೇ ಇದ್ದರೆ ಎಸ್‌ಎಂಪಿಎಸ್ ಸೊರಗಿರಬಹುದು. ಆದರೆ ಬೋರ್ಡ್ ಅಥವಾ ರ್‍ಯಾಮ್ ತೊಂದರೆಯಲ್ಲೂ ಹೀಗಾಗುತ್ತದೆ. (ನಾಲ್ಕೈದು ಸೆಕೆಂಡ್ ಓಡಿ ಆಫ್ ಆದರೆ ಪವರ್ ಬಟನ್ ಒಳಗೇ ಅಂಟಿಕೊಂಡಿದೆಯಾ ನೋಡಿ.)

ಈಗ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಿ. ಪ್ಲಗ್ ಕಿತ್ತು, ಬೋರ್ಡ್‌ಗೆ ಹೋಗುವ ಎಲ್ಲ ಕನೆಕ್ಟರ್ ಬಿಚ್ಚಿ. ಕೆಟ್ಟಿರದ ಒಂದು ಹಳೇ ಹಾರ್ಡ್ ಡಿಸ್ಕ್ ಮಾತ್ರ ಇರಲಿ. 24 ಪಿನ್ ಕನೆಕ್ಟರ್‌ನಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಅದನ್ನೂ ಪಕ್ಕದ ಕಪ್ಪು ವೈರನ್ನೂ ತಂತಿ ತುಂಡಿನಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಿ. ಎಲ್ಲ ವೈರೂ ಕಪ್ಪಾಗಿದ್ದರೆ ಊಹಿಸಲು ಹೋಗಬೇಡಿ, ಅಂಗಡಿಗೆ ಒಯ್ಯಿರಿ. ಡಿಸ್ಕ್ ತಿರುಗದಿದ್ದರೆ ಎಸ್‌ಎಂಪಿಎಸ್ ಸತ್ತಿದೆ. ತಿರುಗಿದರೆ ಹಳದಿ ವೈರಿನ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ನೋಡಿ: 11.4ರಿಂದ 12.6ರೊಳಗೆ ಇರಬೇಕು. ಆದರೂ ಪೂರ್ತಿ ನಂಬುವಂತಿಲ್ಲ. ಸೊರಗಿದ ಎಸ್‌ಎಂಪಿಎಸ್ ಒಂದು ಡಿಸ್ಕ್ ತಿರುಗಿಸುತ್ತದೆ, ಪ್ರೊಸೆಸರ್ ಹೊರೆ ಬಿದ್ದಾಗ ಕುಸಿಯುತ್ತದೆ. ಬೇರೆಯವರ ಎಸ್‌ಎಂಪಿಎಸ್ ತಂದು ಹಾಕಿ ನೋಡಿದರೆ ಖಚಿತವಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.

ಎಸ್‌ಎಂಪಿಎಸ್ ಸರಿಯಿದ್ದರೆ ಶಾರ್ಟ್ ಹುಡುಕಬೇಕು. ನನ್ನ ಮನೆಯಲ್ಲೇ ಆದದ್ದು ಕೇಳಿ. ಕ್ಯಾಬಿನೆಟ್ ಬದಲಿಸಿದ ದಿನವೇ ಇದೇ ಕಾಟ ಶುರುವಾಯಿತು. ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಯುಎಸ್‌ಬಿ ವೈರ್ ಎಲ್ಲ ಕಿತ್ತೆ. ಪ್ರೊಸೆಸರ್, ಒಂದು ರ್‍ಯಾಮ್ ಬಿಟ್ಟು ಏನೂ ಉಳಿಸಲಿಲ್ಲ. ಆದರೂ ಅದೇ ಒಂದು ಸುತ್ತು. ಕೊನೆಗೆ ಬೋರ್ಡನ್ನು ಹೊರತೆಗೆದು ರಟ್ಟಿನ ಮೇಲಿಟ್ಟು, ಪವರ್ ಬಟನ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಮುಟ್ಟಿಸಿದೆ. ಹಾಯಾಗಿ ಓಡಿತು! ತಪ್ಪು ಕ್ಯಾಬಿನೆಟ್‌ನಲ್ಲಿತ್ತು. ಬೋರ್ಡ್ ಕೂರುವ ಹಿತ್ತಾಳೆ ಗೂಟಗಳಲ್ಲಿ ಒಂದು ಹೆಚ್ಚಿಗೆ ಇತ್ತು. ಅದರ ನೇರಕ್ಕೆ ಬೋರ್ಡ್‌ನಲ್ಲಿ ಸ್ಕ್ರೂ ತೂತೇ ಇಲ್ಲ, ಸುಮ್ನೆ ಹಿಂಬದಿಯ ಬೆಸುಗೆಗೆ ಚುಚ್ಚಿಕೊಂಡಿತ್ತು. ಅದನ್ನು ತಿರುಗಿಸಿ ತೆಗೆದೆ, ಸರಿಹೋಯಿತು.

ನಿಮ್ಮದು ರಟ್ಟಿನ ಮೇಲೂ ಆಫ್ ಆದರೆ, ಶಾರ್ಟ್ ಬೋರ್ಡ್‌ನಲ್ಲೇ ಇರಬಹುದು. ಅದು ರಿಪೇರಿಯವರ ಕೆಲಸ. ಓಡಿದರೆ, ಬಿಚ್ಚಿದ್ದನ್ನು ಒಂದೊಂದಾಗಿ ಹಾಕಿ, ಪ್ರತಿ ಸಲ ಪ್ಲಗ್ ಕಿತ್ತೇ. ಯಾವುದನ್ನು ಹಾಕಿದಾಗ ಮತ್ತೆ ಆಫ್ ಆಯಿತೋ ಅದೇ ಕಳ್ಳ.