ಮಾತ್ರೆಯ ಜೊತೆಗೋ, ಮಾತ್ರೆಯ ಬದಲಿಗೋ?

"ಡಾಕ್ಟ್ರೇ, ಮಾತ್ರೆ ಬಿಟ್ಟು ಮೂರು ವಾರ ಆಯ್ತು. ಈಗ ಬರೀ ಕ್ರಿಯೇಟಿನ್. ಆರಾಮಾಗಿದೀನಿ." ಖಿನ್ನತೆಗೆ ಚಿಕಿತ್ಸೆ ಕೊಡುವವರ ಕಿವಿಗೆ ಈಚೆಗೆ ಪದೇ ಪದೇ ಬೀಳುವ ಮಾತು ಇದು. ಹೇಳುವವರ ಮುಖದಲ್ಲಿ ಸಣ್ಣ ಗೆಲುವೂ ಇರುತ್ತದೆ. ಕ್ರಿಯೇಟಿನ್ ಎಂದರೆ ಜಿಮ್‌ಗೆ ಹೋಗುವವರು ಸ್ನಾಯುಬಲಕ್ಕೆಂದು ತಿನ್ನುವ ಪುಡಿ, ಅದು ಖಿನ್ನತೆಯನ್ನೂ ಇಳಿಸುತ್ತದೆ ಎಂದು ಇವರು ಎಲ್ಲೋ ಓದಿರುತ್ತಾರೆ. ಅವರು ಓದಿದ್ದು ಸುಳ್ಳಲ್ಲ, ಸಂಶೋಧನೆ ನಿಜವಾಗಿಯೂ ನಡೆದಿದೆ. ಆದರೆ ಅದರಲ್ಲಿದ್ದ ಒಂದು ಪದವನ್ನು ಅವರು ದಾಟಿಕೊಂಡು ಹೋಗಿರುತ್ತಾರೆ. ಆ ಪದ "ಜೊತೆಗೆ".

ಎಲ್ಲರೂ ಬೊಟ್ಟು ಮಾಡಿ ತೋರಿಸುವುದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು. ತೀವ್ರ ಖಿನ್ನತೆಯಿದ್ದ 52 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 5 ಗ್ರಾಂ ಕ್ರಿಯೇಟಿನ್ (ಮೊದಲ ವಾರ 3 ಗ್ರಾಂ), ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಪುಡಿ. ಎಂಟು ವಾರದ ಈ ಪ್ರಯೋಗದಲ್ಲಿ ಕ್ರಿಯೇಟಿನ್ ಗುಂಪಿನವರು ಎರಡನೆಯ ವಾರದಿಂದಲೇ ಹೆಚ್ಚು ಚೇತರಿಸಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಎರಡೂ ಗುಂಪಿನವರು ಎಂಟೂ ವಾರ ಎಸ್ಸಿಟಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನು ನುಂಗುತ್ತಿದ್ದರು. ಹುಸಿ ಪುಡಿ ತಿಂದವರೂ ಚೇತರಿಸಿಕೊಂಡರು, ಮಾತ್ರೆ ಇತ್ತಲ್ಲ! ಅಲ್ಲಿ ಕೇಳಿದ ಪ್ರಶ್ನೆ, "ಮಾತ್ರೆಯ ಮೇಲೆ ಕ್ರಿಯೇಟಿನ್ ಸೇರಿಸಿದರೆ ಇನ್ನಷ್ಟು ಅನುಕೂಲವಾಗುತ್ತದೆಯೇ?" ಎಂದು. "ಮಾತ್ರೆ ತೆಗೆದು ಕ್ರಿಯೇಟಿನ್ ಕೊಟ್ಟರೆ ಏನಾಗುತ್ತದೆ?" ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಆ ಪ್ರಯೋಗದಲ್ಲಿ ಉತ್ತರ ಹುಡುಕಿದರೆ ಸಿಗುವುದು ನಮ್ಮ ಆಸೆಯಷ್ಟೆ.

2025ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನೂ ಜನ ಹೀಗೇ ಓದುತ್ತಾರೆ. ಅದರಲ್ಲಿ ನೂರು ಜನರಿದ್ದರು, ಅವಧಿ ಎಂಟು ವಾರ. "ನೋಡಿ, ಇಲ್ಲಿ ಮಾತ್ರೆ ಇಲ್ಲ" ಎನ್ನುತ್ತಾರೆ. ಮಾತ್ರೆಯ ಜಾಗದಲ್ಲಿ ಅಲ್ಲಿ ಕ್ರಮಬದ್ಧವಾದ ಮಾತಿನ ಚಿಕಿತ್ಸೆ, ಅಂದರೆ ಸಿಬಿಟಿ ಇತ್ತು, ಅದೂ ಎರಡೂ ಗುಂಪಿಗೆ. ಮತ್ತೆ ಅದೇ "ಜೊತೆಗೆ".

ಹಾಗಾದರೆ ಇದೆಲ್ಲ ಬರೀ ಗಾಳಿಮಾತೇ? ಅಲ್ಲ. ಮಿದುಳಿಗೆ ಶಕ್ತಿ ಬೇಕಾದಾಗ ತಕ್ಷಣ ಒದಗಿಸುವ ದಾಸ್ತಾನು, ಕ್ರಿಯೇಟಿನ್‌ನಿಂದಲೇ ಆಗುವ ಫಾಸ್ಫೊಕ್ರಿಯೇಟಿನ್. ಖಿನ್ನತೆಯಲ್ಲಿ ಈ ಶಕ್ತಿಯ ವ್ಯವಹಾರ ಸೊರಗಿರಬಹುದು ಎಂಬ ಊಹೆಗೆ ಆಧಾರಗಳಿವೆ. ಆದರೆ ತಿಂದದ್ದೆಲ್ಲ ಮಿದುಳಿಗೆ ಹೋಗುವುದಿಲ್ಲ. ಮಿದುಳು ತನಗೆ ಬೇಕಾದ ಕ್ರಿಯೇಟಿನನ್ನು ಬಹುಪಾಲು ತಾನೇ ತಯಾರಿಸಿಕೊಳ್ಳುತ್ತದೆ, ಹೊರಗಿನದನ್ನು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟುಕೊಳ್ಳುತ್ತದೆ. ಸ್ನಾಯು ತುಂಬಿದಷ್ಟು ಸುಲಭವಾಗಿ ಮಿದುಳು ತುಂಬುವುದಿಲ್ಲ. 2025ರಲ್ಲೇ ಬಂದ ಒಂದು ವಿಶ್ಲೇಷಣೆ 11 ಪ್ರಯೋಗಗಳ ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿತು. ಖಿನ್ನತೆಯ ತೀವ್ರತೆಗೆ ಅಂಕ ಕೊಡುವ ಹ್ಯಾಮಿಲ್ಟನ್ ಅಳತೆಯಲ್ಲಿ ಸರಾಸರಿ ಅನುಕೂಲ ಸುಮಾರು 2 ಅಂಕ. ರೋಗಿಗೆ ವ್ಯತ್ಯಾಸ ಅನುಭವಕ್ಕೆ ಬರಲು ಕನಿಷ್ಠ 3 ಅಂಕ ಬೇಕೆಂದು ವಿಶ್ಲೇಷಣೆ ಮಾಡಿದವರು ಇಟ್ಟುಕೊಂಡಿದ್ದರು. ಪುರಾವೆಯ ಗಟ್ಟಿತನವನ್ನೂ ಬಹಳ ಕಡಿಮೆ ಎಂದೇ ಎಣಿಸಿದರು. ಬಾಗಿಲು ಮುಚ್ಚಿಲ್ಲ, ಆದರೆ ಇದನ್ನು ನಂಬಿ ಮಾತ್ರೆ ಬಿಡುವಷ್ಟು ಬಲ ಇದರಲ್ಲಿಲ್ಲ.

ಈಗ ಆ "ಮೂರು ವಾರ ಆರಾಮಾಗಿದೀನಿ"ಗೆ ಬರೋಣ. ಎಸ್ಸಿಟಲೊಪ್ರಾಮ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದವರೊಬ್ಬರು ಸೋಮವಾರ ಮಾತ್ರೆ ನಿಲ್ಲಿಸಿ, ಅಂದಿನಿಂದಲೇ ಜಿಮ್‌ನವರು ಹೇಳುವಂತೆ ದಿನಕ್ಕೆ 20 ಗ್ರಾಂ ಪುಡಿ ಶುರು ಮಾಡಿದರು ಎಂದಿಟ್ಟುಕೊಳ್ಳಿ. ಬುಧವಾರ, ಗುರುವಾರದ ಹೊತ್ತಿಗೆ ತಲೆ ಹಗುರಾಗಿ ತಿರುಗಿದಂತೆ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ ಆಗಬಹುದು. ಮೂಗಿನ ತುದಿಯಲ್ಲೇ ಸಿಟ್ಟು, ರಾತ್ರಿ ವಿಚಿತ್ರ ಕನಸು. ಇದು ಮಾತ್ರೆಯನ್ನು ಥಟ್ಟನೆ ಬಿಟ್ಟದ್ದರ ಪರಿಣಾಮ. ಅವರು ಮಾತ್ರ "ಪುಡಿ ಒಗ್ಗಿಕೊಳ್ಳುತ್ತಿದೆ" ಅಂದುಕೊಳ್ಳುತ್ತಾರೆ. ಇತ್ತ ಹೊಟ್ಟೆ ಕೆಟ್ಟಿರುತ್ತದೆ, ಅದು 20 ಗ್ರಾಂನ ಕೊಡುಗೆ. ತೂಕ ಒಂದೆರಡು ಕಿಲೋ ಏರಿರುತ್ತದೆ, ಅದು ನೀರು. ಎರಡನೆಯ ವಾರ ಕಳೆಯುವಷ್ಟರಲ್ಲಿ ಸಾಮಾನ್ಯವಾಗಿ ಇದೆಲ್ಲ ಇಳಿಯುತ್ತದೆ, ಮೂರನೆಯ ವಾರ ಮನಸ್ಸು ತಿಳಿಯಾಗಿದೆ ಅನ್ನಿಸುತ್ತದೆ. ಹೆಸರು ಕ್ರಿಯೇಟಿನ್‌ಗೆ ಹೋಗುತ್ತದೆ. ಆದರೆ ಮಾತ್ರೆ ನಿಲ್ಲಿಸಿದ ಮರುವಾರವೇ ಖಿನ್ನತೆ ಮರಳಲೇಬೇಕೆಂದಿಲ್ಲ, ಹಲವರಲ್ಲಿ ಅದು ವಾರಗಳ, ತಿಂಗಳುಗಳ ನಂತರ ಬರುತ್ತದೆ. ಬರುವಾಗ ಸದ್ದು ಮಾಡುವುದಿಲ್ಲ. ಮೊದಲು ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ, ಆಮೇಲೆ ಸ್ನಾನಕ್ಕೂ ಬೇಸರ, ಆಮೇಲೆ ಫೋನ್ ಎತ್ತದಿರುವುದು. ಅಷ್ಟರಲ್ಲಿ ಮಾತ್ರೆ ಬಿಟ್ಟದ್ದು ಹಳೆಯ ಸುದ್ದಿಯಾಗಿರುತ್ತದೆ, ಎರಡಕ್ಕೂ ಯಾರೂ ನಂಟು ಹಾಕುವುದಿಲ್ಲ. ಹಾಗಾಗಿ ಮೂರು ವಾರದ ಆರಾಮ ಯಾವುದಕ್ಕೂ ಸಾಕ್ಷಿಯಲ್ಲ.

ಇನ್ನೆರಡು ಕಡೆ ಹುಷಾರಾಗಿರಬೇಕು. ಮೊದಲನೆಯದು, ಖಿನ್ನತೆಯೂ ಅತಿ ಹುರುಪಿನ ಉನ್ಮಾದವೂ ಬಂದು ಹೋಗುವ ಬೈಪೋಲಾರ್ ಕಾಯಿಲೆ. 2007ರ ಒಂದು ಪುಟ್ಟ ಪ್ರಯೋಗದಲ್ಲಿ ಹತ್ತು ಜನರಿದ್ದರು, ಅವರಲ್ಲಿ ಇಬ್ಬರಿಗೆ ಬೈಪೋಲಾರ್. ಆ ಇಬ್ಬರೂ ಉನ್ಮಾದದ ಕಡೆ ವಾಲಿದರು. ನಂತರದ ಒಂದು ಬೈಪೋಲಾರ್ ಪ್ರಯೋಗದಲ್ಲೂ ಕ್ರಿಯೇಟಿನ್ ಪಡೆದ ಇಬ್ಬರಿಗೆ ಹೀಗಾಯಿತು. ಸಂಖ್ಯೆ ಸಣ್ಣದು, ಅದರಿಂದ ದೊಡ್ಡ ತೀರ್ಮಾನ ಹೇಳಲಾಗದು. ಆದರೂ ಹಿಂದೆ ಯಾವಾಗಲಾದರೂ ಮೂರು ಗಂಟೆ ನಿದ್ದೆಯಲ್ಲೇ ದಿನಗಟ್ಟಲೆ ಹುರುಪಾಗಿದ್ದು, ಮಾತು ನಿಲ್ಲದೆ, ಕೈಯಲ್ಲಿದ್ದ ಹಣ ಖಾಲಿಯಾದ ಕಾಲವಿದ್ದರೆ, ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಅದನ್ನು ವೈದ್ಯರಿಗೆ ಹೇಳಿ.

ಎರಡನೆಯದು ಮೂತ್ರಪಿಂಡದ ರಕ್ತಪರೀಕ್ಷೆ. ಕ್ರಿಯೇಟಿನ್ ದೇಹದಲ್ಲಿ ಕ್ರಿಯಾಟಿನೈನ್ ಆಗಿ ಒಡೆಯುತ್ತದೆ. ಮೂತ್ರಪಿಂಡ ಹೇಗಿದೆ ಎಂದು ಅಳೆಯುವುದೂ ಅದೇ ಕ್ರಿಯಾಟಿನೈನ್‌ನಿಂದ. ಪುಡಿ ತಿಂದಾಗ ಮೂತ್ರಪಿಂಡ ಚೆನ್ನಾಗಿದ್ದರೂ ಅಂಕಿ ಏರಬಹುದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುವವರಲ್ಲಿ ಇದು ದೊಡ್ಡ ಗೊಂದಲ. ಲಿಥಿಯಂ ನಿಜಕ್ಕೂ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ಅದಕ್ಕೇ ಆಗಾಗ ಪರೀಕ್ಷೆ ಮಾಡಿಸುವುದು. ಪುಡಿಯ ವಿಷಯ ಮುಚ್ಚಿಟ್ಟರೆ ವೈದ್ಯರು ಒಳ್ಳೆಯ ಔಷಧವನ್ನು ವೃಥಾ ನಿಲ್ಲಿಸಿಯಾರು. ಉಲ್ಟಾ, "ಅದು ಪುಡಿಯದ್ದೇ ಬಿಡಿ" ಎಂದು ರೋಗಿಯೇ ತಳ್ಳಿಹಾಕಿ ನಿಜವಾದ ಹಾನಿ ತಪ್ಪಿಹೋದೀತು. ಶುರು ಮಾಡುವ ಮೊದಲೇ ಒಂದು ಪರೀಕ್ಷೆ ಮಾಡಿಸಿಟ್ಟುಕೊಂಡಿದ್ದರೆ ಹೋಲಿಸಿ ನೋಡಬಹುದು. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಇದೆ, ಕ್ರಿಯೇಟಿನ್ ಅದನ್ನು ಹೀಗೆ ಏರಿಸುವುದಿಲ್ಲ. ಮೂತ್ರಪಿಂಡದ ಕಾಯಿಲೆ ಮೊದಲೇ ಇರುವವರು ಈ ಪುಡಿಯ ಗೋಜಿಗೆ ತಾವಾಗಿ ಹೋಗಬಾರದು.

ಇಷ್ಟೆಲ್ಲ ಕೇಳಿಯೂ ನೋಡಿಯೇ ಬಿಡುತ್ತೇನೆ ಎನ್ನುವವರಿಗೆ ಬೈಯುವುದರಲ್ಲಿ ಅರ್ಥವಿಲ್ಲ. ವೈದ್ಯರು ಒಪ್ಪಿದರೆ, ನಡೆಯುತ್ತಿರುವ ಚಿಕಿತ್ಸೆಯಲ್ಲಿ ಏನೂ ಬದಲಿಸದೆ, ಸಾದಾ ಕ್ರಿಯೇಟಿನ್ ಮಾನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ, ಎಂಟು ವಾರ. 20 ಗ್ರಾಂನ ಅವಸರ ಬೇಡ. ಮಾತ್ರೆಯ ಪ್ರಮಾಣವನ್ನೂ ಅದೇ ತಿಂಗಳು ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೇ ಗೊತ್ತು. ಎರಡು ವಾರಕ್ಕೊಮ್ಮೆ, ಖಿನ್ನತೆ ಎಷ್ಟಿದೆಯೆಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿ ದಿನಾಂಕ ಹಾಕಿಡಿ. ಒಟ್ಟು 27 ಅಂಕದಲ್ಲಿ ಒಂದೆರಡು ಅಂಕದ ಏರಿಳಿತಕ್ಕೆ ಬೆಲೆಯಿಲ್ಲ, ಐದು ಇಳಿದರೆ ಮಾತಾಡಬಹುದು. ಆದರೆ ಅದರ ಒಂಬತ್ತನೆಯ ಪ್ರಶ್ನೆ, ಸತ್ತರೆ ಒಳ್ಳೆಯದು ಅಥವಾ ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆಯದ್ದು, ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗುವಂಥದ್ದಲ್ಲ. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಎಂಟು ವಾರ ಮುಗಿಯಲಿ ಎಂದು ಕಾಯಬೇಡಿ, ಅಂದೇ ವೈದ್ಯರಿಗೆ ಫೋನ್ ಮಾಡಿ.