ಟನಲ್ ಡಯೋಡ್ ಸತ್ತಿಲ್ಲ, ಮೊದಲು ಆ 1 ಕಿಲೋ ಓಮ್ ತೆಗೆಯಿರಿ

ನಾನು ಹಳೇ ಆಸಿಲೋಸ್ಕೋಪ್‌ಗಳನ್ನು ರಿಪೇರಿ ಮಾಡುತ್ತೇನೆ. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಆಗಾಗ ಒಂದೇ ದೂರು ಹಿಡಿದುಕೊಂಡು ಬರುತ್ತಾರೆ. "ಸರ್, ಟನಲ್ ಡಯೋಡ್ ತರಿಸಿ ಆಸಿಲೇಟರ್ ಕಟ್ಟಿದೆ. ಏನೂ ಬರ್ತಿಲ್ಲ. ಡಯೋಡ್ ಹೋಗಿದೆ ಅನ್ಸುತ್ತೆ." ಸರ್ಕ್ಯೂಟ್ ನೋಡಿದರೆ ಸಾಮಾನ್ಯವಾಗಿ ಅದೇ ಕಥೆ. 1.5 ವೋಲ್ಟ್ ಸೆಲ್, ಅದಕ್ಕೆ ಸೀರೀಸ್‌ನಲ್ಲಿ 1 ಕಿಲೋ ಓಮ್ ರೆಸಿಸ್ಟರ್, ಆಮೇಲೆ ಕಾಯಿಲ್, ಕೊನೆಗೆ ಡಯೋಡ್. ಎಲ್‌ಇಡಿ ಉರಿಸಿ ಅಭ್ಯಾಸವಾದ ಕೈ ಇಲ್ಲೂ ಅದನ್ನೇ ಮಾಡಿರುತ್ತದೆ.

ಇದಕ್ಕಿಂತ ಬೇಸರದ ವಿಷಯ ಇನ್ನೊಂದಿದೆ. ಕೆಲವರು ಡಯೋಡನ್ನು ಮಲ್ಟಿಮೀಟರಿಗೆ ಹಿಡಿದು, ಎರಡೂ ಕಡೆ ಹೆಚ್ಚುಕಡಿಮೆ ಶಾರ್ಟ್ ತೋರಿಸಿತು ಅಂತ ಕಸದ ಬುಟ್ಟಿಗೆ ಹಾಕಿ ಬಂದಿರುತ್ತಾರೆ. ಟನಲ್ ಡಯೋಡ್ ರಿವರ್ಸ್‌ನಲ್ಲೂ ಚೆನ್ನಾಗಿ ಕರೆಂಟ್ ಬಿಡುತ್ತದೆ. ಅದು ಅದರ ಸಹಜ ಗುಣ. ಮುಳ್ಳಿನ ಹಳೇ ಮೀಟರಿನ ಕಡಿಮೆ ಓಮ್ ರೇಂಜಿನಲ್ಲಂತೂ ಹಿಡಿಯಲೇಬೇಡಿ. ಅದು ಕಳಿಸುವ ಕರೆಂಟಿಗೆ ಚಿಕ್ಕ ಡಯೋಡ್ ನಿಜಕ್ಕೂ ಹೋಗಿಬಿಡಬಹುದು.

1957ರಲ್ಲಿ ಲಿಯೋ ಎಸಾಕಿ ಜಪಾನಿನಲ್ಲಿ, ಮುಂದೆ ಸೋನಿ ಅಂತ ಹೆಸರಾದ ಕಂಪನಿಯಲ್ಲಿ, ಈ ಡಯೋಡನ್ನು ಕಂಡುಹಿಡಿದರು. 1973ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇದೇ ಕೆಲಸಕ್ಕೆ. ಎಲೆಕ್ಟ್ರಾನುಗಳು ತಡೆಗೋಡೆಯನ್ನು ಹೇಗೆ ದಾಟುತ್ತವೆ ಅನ್ನುವ ಭೌತಶಾಸ್ತ್ರ ನಿಮ್ಮ ಪಠ್ಯದಲ್ಲೇ ಇದೆ, ಅದನ್ನು ಬಿಡೋಣ. ಬೆಂಚಿನ ಮೇಲೆ ಬೇಕಾಗುವುದು ವೋಲ್ಟೇಜ್–ಕರೆಂಟ್ ಗೆರೆ ಮಾತ್ರ.

1N3712 ಅನ್ನುವ ಜರ್ಮೇನಿಯಂ ಡಯೋಡನ್ನೇ ತೆಗೆದುಕೊಳ್ಳೋಣ. ಸೊನ್ನೆಯಿಂದ ವೋಲ್ಟೇಜ್ ಏರಿಸಿದರೆ 65 ಮಿಲಿವೋಲ್ಟಿನ ಹತ್ತಿರ ಕರೆಂಟ್ 1 ಮಿಲಿಆಂಪ್ ಮುಟ್ಟುತ್ತದೆ. ಅದು ಪೀಕ್. ಅಲ್ಲಿಂದ ಮುಂದೆ ವೋಲ್ಟೇಜ್ ಏರಿದಷ್ಟೂ ಕರೆಂಟ್ ಇಳಿಯುತ್ತದೆ. ಸುಮಾರು 350 ಮಿಲಿವೋಲ್ಟಿನಲ್ಲಿ ಅದು 0.12 ಮಿಲಿಆಂಪಿಗೆ ಬಂದು ನಿಲ್ಲುತ್ತದೆ. ಅದು ವ್ಯಾಲಿ. ಆಮೇಲೆ ಸಾಮಾನ್ಯ ಡಯೋಡಿನಂತೆ ಮತ್ತೆ ಏರುತ್ತದೆ. ಪೀಕ್‌ಗೂ ವ್ಯಾಲಿಗೂ ನಡುವಿನ ಇಳಿಜಾರೇ ನೆಗೆಟಿವ್ ರೆಸಿಸ್ಟೆನ್ಸ್ ಜಾಗ. ಗೆರೆ ತೀರಾ ಕಡಿದಾಗಿರುವ ಕಡೆ, 150 ಮಿಲಿವೋಲ್ಟಿನ ಆಸುಪಾಸಿನಲ್ಲಿ, ಅದರ ಬೆಲೆ ಮೈನಸ್ 125 ಓಮ್ ಅಂತ ಹಿಡಿಯಬಹುದು. ಅಂದರೆ ಅಲ್ಲಿ ವೋಲ್ಟೇಜ್ 1 ಮಿಲಿವೋಲ್ಟ್ ಏರಿದರೆ ಕರೆಂಟ್ 8 ಮೈಕ್ರೋಆಂಪ್ ಇಳಿಯುತ್ತದೆ. ಡಯೋಡಿನಿಂದ ಡಯೋಡಿಗೆ ಈ ಅಂಕಿಗಳಲ್ಲಿ ವ್ಯತ್ಯಾಸ ಇರುತ್ತದೆ. ನಿಮ್ಮ ಕೈಯಲ್ಲಿರುವುದು ಗ್ಯಾಲಿಯಂ ಆರ್ಸೆನೈಡ್ ಡಯೋಡ್ ಆಗಿದ್ದರೆ ವೋಲ್ಟೇಜ್‌ಗಳು ಇನ್ನೂ ಜಾಸ್ತಿ. ಡೇಟಾಶೀಟ್ ನೋಡಿಯೇ ಲೆಕ್ಕ ಹಾಕಿ.

ಈಗ ಆ 1 ಕಿಲೋ ಓಮ್ ವಿಷಯಕ್ಕೆ ಬರೋಣ. ಇದೊಂದನ್ನು ನಿಧಾನವಾಗಿ ಓದಿ.

ಹೇಗೋ ಹೊಂದಿಸಿ ಡಯೋಡನ್ನು 150 ಮಿಲಿವೋಲ್ಟ್, 0.5 ಮಿಲಿಆಂಪ್‌ನಲ್ಲಿ ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. ಗದ್ದಲದಿಂದ ಡಯೋಡಿನ ವೋಲ್ಟೇಜ್ 1 ಮಿಲಿವೋಲ್ಟ್ ಏರಿತು. ಡಯೋಡ್ ಈಗ 8 ಮೈಕ್ರೋಆಂಪ್ ಕಡಿಮೆ ಎಳೆಯುತ್ತದೆ. 1 ಕಿಲೋ ಓಮ್ ರೆಸಿಸ್ಟರ್ ಕೊಡುವ ಕರೆಂಟ್ ಇಳಿದದ್ದು ಬರೀ 1 ಮೈಕ್ರೋಆಂಪ್. ಉಳಿದ 7 ಮೈಕ್ರೋಆಂಪ್ ಎಲ್ಲಿಗೆ ಹೋಗಬೇಕು? ಡಯೋಡಿನ ಕೆಪಾಸಿಟೆನ್ಸನ್ನು ಚಾರ್ಜ್ ಮಾಡುತ್ತದೆ. ವೋಲ್ಟೇಜ್ ಇನ್ನೂ ಏರುತ್ತದೆ, ಡಯೋಡ್ ಇನ್ನೂ ಕಡಿಮೆ ಎಳೆಯುತ್ತದೆ. ಹೀಗೆ ಕಣ್ಣು ಮಿಟುಕಿಸುವುದರೊಳಗೆ ಅದು ವ್ಯಾಲಿಯ ಆಚೆ, 400 ಮಿಲಿವೋಲ್ಟಿನ ಹತ್ತಿರ ಹೋಗಿ ಕೂರುತ್ತದೆ. ಮೊದಲ ತಳ್ಳು ಕೆಳಗಿನ ಕಡೆಗೆ ಸಿಕ್ಕಿದ್ದರೆ ಪೀಕ್‌ನ ಈಚೆ, ಕೆಲವು ಹತ್ತು ಮಿಲಿವೋಲ್ಟಿನಲ್ಲಿ ಕೂರುತ್ತಿತ್ತು. ಎರಡೂ ಕಡೆ ಇಳಿಜಾರು ಪಾಸಿಟಿವ್. ಅಲ್ಲಿ ಡಯೋಡ್ ಬರೀ ಒಂದು ರೆಸಿಸ್ಟರ್. ಆಸಿಲೇಷನ್ ಎಲ್ಲಿಂದ ಬರಬೇಕು?

ಅದೇ ಲೆಕ್ಕವನ್ನು 1 ಕಿಲೋ ಓಮ್ ಬದಲು 20 ಓಮ್ ಇಟ್ಟು ಮಾಡಿ. 1 ಮಿಲಿವೋಲ್ಟ್ ಏರಿದಾಗ ಡಯೋಡ್ 8 ಮೈಕ್ರೋಆಂಪ್ ಕಡಿಮೆ ಎಳೆಯುತ್ತದೆ, ಆದರೆ ಬರುವ ಕರೆಂಟ್ 50 ಮೈಕ್ರೋಆಂಪ್ ಇಳಿಯುತ್ತದೆ. ಕೊರತೆ ಬಿದ್ದ 42 ಮೈಕ್ರೋಆಂಪನ್ನು ಕೆಪಾಸಿಟೆನ್ಸಿನಿಂದಲೇ ತೆಗೆಯಬೇಕು. ವೋಲ್ಟೇಜ್ ವಾಪಸ್ ಬರುತ್ತದೆ. ಡಯೋಡ್ ಇಳಿಜಾರಿನ ಮಧ್ಯದಲ್ಲೇ ನಿಲ್ಲುತ್ತದೆ. ಡಿಸಿ ಕಡೆಯ ಒಟ್ಟು ರೆಸಿಸ್ಟೆನ್ಸ್ 125 ಓಮ್‌ಗಿಂತ ಸಾಕಷ್ಟು ಕಡಿಮೆ ಇರಬೇಕು ಅನ್ನುವ ನಿಯಮದ ಅರ್ಥ ಇಷ್ಟೇ.

ಇಲ್ಲಿಗೆ ಬಂದಾಗ ಜಾಣ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಿದರೆ ನನಗೆ ಬಹಳ ಖುಷಿ. "ಸರ್, ಅಷ್ಟು ಗಟ್ಟಿಯಾಗಿ ನಿಂತುಬಿಟ್ಟರೆ ಆಸಿಲೇಟ್ ಹೇಗೆ ಆಗುತ್ತೆ?" ಉತ್ತರ ಟ್ಯಾಂಕ್ ಸರ್ಕ್ಯೂಟಿನಲ್ಲಿದೆ. ಕಾಯಿಲ್ ಡಿಸಿಗೆ ಬರೀ ತಂತಿ. ಅದರ ಮೂಲಕ ನೋಡಿದಾಗ ಡಯೋಡಿಗೆ 20 ಓಮ್ ಕಾಣುತ್ತದೆ, ನಿಲ್ಲುತ್ತದೆ. ಆದರೆ ಕಾಯಿಲ್ ಮತ್ತು ಕೆಪಾಸಿಟರ್ ಅನುರಣಿಸುವ ಫ್ರೀಕ್ವೆನ್ಸಿಯಲ್ಲಿ ಅದೇ ಡಯೋಡಿಗೆ ಸಾವಿರ ಓಮ್ ಕಾಣುತ್ತದೆ. ಆಗ ಮೇಲಿನ ಮೊದಲ ಲೆಕ್ಕವೇ ಮತ್ತೆ ನಡೆಯುತ್ತದೆ, ಆದರೆ ಆ ಒಂದು ಫ್ರೀಕ್ವೆನ್ಸಿಯಲ್ಲಿ ಮಾತ್ರ. ಸಣ್ಣ ಅಲುಗಾಟ ಬೆಳೆಯುತ್ತಾ ಹೋಗುತ್ತದೆ. ಪೀಕ್ ಮತ್ತು ವ್ಯಾಲಿಯ ಆಚೀಚೆ ತಾಗುವಷ್ಟಾದಾಗ ಬೆಳವಣಿಗೆ ನಿಲ್ಲುತ್ತದೆ. ಡಿಸಿಗೆ ಬೇಡವಾದ ಸಾವಿರ ಓಮ್ ಆರ್‌ಎಫ್‌ಗೆ ಬೇಕೇ ಬೇಕು.

ಕಟ್ಟುವುದು ಹೀಗೆ. 1.5 ವೋಲ್ಟ್ ಸೆಲ್‌ನಿಂದ 68 ಓಮ್ ರೆಸಿಸ್ಟರ್, ಅದರ ಜೊತೆ ಸೀರೀಸ್‌ನಲ್ಲಿ 500 ಓಮ್ ಪ್ರಿಸೆಟ್. ಅಲ್ಲಿಂದ ಗ್ರೌಂಡಿಗೆ 22 ಓಮ್, ಅದಕ್ಕೆ ಅಡ್ಡವಾಗಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. 22 ಓಮ್‌ನ ಮೇಲ್ತುದಿಯಿಂದ ಟ್ಯಾಂಕ್: 4.7 ಮೈಕ್ರೋಹೆನ್ರಿ ಕಾಯಿಲ್, ಅದಕ್ಕೆ ಅಡ್ಡ 4700 ಪಿಕೋಫ್ಯಾರಡ್. ಟ್ಯಾಂಕಿನ ಇನ್ನೊಂದು ತುದಿಯಿಂದ ಡಯೋಡ್ ಗ್ರೌಂಡಿಗೆ. ಅಷ್ಟೇ.

22 ಓಮ್‌ನ ಮೇಲೆ 0.16 ವೋಲ್ಟ್ ಬೇಕು. 0.5 ಮಿಲಿಆಂಪ್ ಡಯೋಡಿಗೆ ಹೋದರೆ, 22 ಓಮ್‌ಗೆ ಸುಮಾರು 7 ಮಿಲಿಆಂಪ್ ಹೋಗುತ್ತದೆ. ಡಯೋಡಿಗಿಂತ ಹತ್ತಾರು ಪಟ್ಟು ಕರೆಂಟ್ ಸುಮ್ನೆ ಗ್ರೌಂಡಿಗೆ ಹರಿಯುತ್ತದಲ್ವಾ ಅಂತ ಹುಡುಗರಿಗೆ ಸಂಕಟ. ಅದನ್ನು ಉಳಿಸಲು ಹೋಗಿಯೇ ರೆಸಿಸ್ಟರ್ ದೊಡ್ಡದು ಮಾಡಿ ಕೆಡಿಸುತ್ತಾರೆ. ಆ ವ್ಯರ್ಥ ಕರೆಂಟೇ ಡಯೋಡನ್ನು ಹಿಡಿದು ನಿಲ್ಲಿಸುತ್ತಿರುವುದು, ಬಿಡಿ.

ಕಾಯಿಲ್ ಯಾಕೆ ಇಷ್ಟು ಚಿಕ್ಕದು ಅಂತಲೂ ಹೇಳಿಬಿಡುತ್ತೇನೆ. ಸುಮಾರು 1 ಮೆಗಾಹರ್ಟ್ಸ್‌ಗೆ 100 ಮೈಕ್ರೋಹೆನ್ರಿ ಮತ್ತು 250 ಪಿಕೋಫ್ಯಾರಡ್ ಕೂಡ ಆಗುತ್ತದೆ. ಆಗ ಕಾಯಿಲಿನ ರಿಯಾಕ್ಟೆನ್ಸ್ 600 ಓಮ್ ದಾಟುತ್ತದೆ, 125ಕ್ಕಿಂತ ಬಹಳ ಜಾಸ್ತಿ. ಸರ್ಕ್ಯೂಟ್ ಆಸಿಲೇಟ್ ಆಗುತ್ತದೆ, ಆದರೆ ಅಲೆ ಸೈನ್ ಆಗಿರುವುದಿಲ್ಲ. ಎರಡು ಮಟ್ಟಗಳ ನಡುವೆ ಜಿಗಿಯುತ್ತದೆ, ಫ್ರೀಕ್ವೆನ್ಸಿಯೂ ಲೆಕ್ಕಕ್ಕಿಂತ ಕೆಳಗಿಳಿಯುತ್ತದೆ. 4.7 ಮೈಕ್ರೋಹೆನ್ರಿಗೆ ರಿಯಾಕ್ಟೆನ್ಸ್ 32 ಓಮ್ ಆಸುಪಾಸು. ಕಾಯಿಲಿನ ಕ್ಯೂ 40 ಇದ್ದರೆ ಟ್ಯಾಂಕ್ ಸುಮಾರು 1250 ಓಮ್ ತೋರಿಸುತ್ತದೆ. ಶುರುವಾಗಲು ಅಷ್ಟು ಧಾರಾಳ ಸಾಕು, ಅಲೆಯೂ ಹೆಚ್ಚುಕಡಿಮೆ ಸೈನ್ ಆಗಿರುತ್ತದೆ. ಫ್ರೀಕ್ವೆನ್ಸಿ 1.07 ಮೆಗಾಹರ್ಟ್ಸ್.

ಇದು ಮೀಡಿಯಂ ವೇವ್ ಒಳಗೇ ಬೀಳುತ್ತದೆ. ಪಕ್ಕದಲ್ಲಿ ಸೆಲ್ಲಿನ ಮೇಲೆ ಓಡುವ ರೇಡಿಯೋ ಇಡಿ. 1070 ಕಿಲೋಹರ್ಟ್ಸ್ ಹತ್ತಿರ ಸ್ಟೇಷನ್ ಇಲ್ಲದ ಕಡೆ ಬರೀ ಗೊರಗೊರ ಸದ್ದಿರುತ್ತದೆ. ಪ್ರಿಸೆಟನ್ನು ಪೂರ್ತಿ ರೆಸಿಸ್ಟೆನ್ಸ್ ಕಡೆಯಿಂದ ನಿಧಾನವಾಗಿ ತಿರುಗಿಸುತ್ತಾ ಬನ್ನಿ. ಡಯೋಡ್ ಪೀಕ್ ದಾಟಿದ ಕೂಡಲೇ ಗೊರಗೊರ ಅಡಗುತ್ತದೆ. ಅದೇ ನಿಮ್ಮ ಕ್ಯಾರಿಯರ್. ಇನ್ನೂ ತಿರುಗಿಸಿ ವ್ಯಾಲಿಯ ಹತ್ತಿರ ಹೋದರೆ ಗೊರಗೊರ ಮತ್ತೆ ಬರುತ್ತದೆ. ಬಿಡಿಭಾಗಗಳ ಟಾಲರೆನ್ಸ್‌ನಿಂದ ಅದು ಡಯಲಿನಲ್ಲಿ ಸ್ವಲ್ಪ ಆಚೀಚೆ ಸಿಗಬಹುದು, ಹುಡುಕಿ.

ಇಷ್ಟಾದರೂ ಬರದಿದ್ದರೆ ಡಯೋಡನ್ನು ಶಪಿಸಬೇಡಿ, ತಂತಿಗಳನ್ನು ನೋಡಿ. ಈ ಡಯೋಡಿನ ಕೆಪಾಸಿಟೆನ್ಸ್ 5 ಪಿಕೋಫ್ಯಾರಡ್ ಮಟ್ಟದ್ದು. ಎರಡು ಮೂರು ಸೆಂಟಿಮೀಟರ್ ಉದ್ದದ ಕಾಲುಗಳು ಸೇರಿ 20 ನ್ಯಾನೋಹೆನ್ರಿ ಆದರೆ, ಅವೆರಡೂ ಸೇರಿ 500 ಮೆಗಾಹರ್ಟ್ಸ್‌ನ ಇನ್ನೊಂದು ಟ್ಯಾಂಕ್ ಆಗುತ್ತದೆ. ಡಯೋಡಿಗೆ ನೀವು ಕೊಟ್ಟ ಕಾಯಿಲೇ ಬೇಕು ಅಂತೇನಿಲ್ಲ, ಇದರಲ್ಲೇ ಆಸಿಲೇಟ್ ಆಗಿಬಿಡುತ್ತದೆ. ನಿಮ್ಮ 20 ಮೆಗಾಹರ್ಟ್ಸ್ ಸ್ಕೋಪಿಗೆ ಅದು ಕಾಣುವುದೇ ಇಲ್ಲ. ಗುರುತು ಹಿಡಿಯಲು 22 ಓಮ್‌ನ ಮೇಲಿನ ಡಿಸಿ ವೋಲ್ಟೇಜನ್ನು ಮೀಟರಿನ ಮಿಲಿವೋಲ್ಟ್ ರೇಂಜಿನಲ್ಲಿ ನೋಡುತ್ತಾ ಬೆರಳನ್ನು ಡಯೋಡಿನ ಹತ್ತಿರ ತನ್ನಿ. ಡಯೋಡಿನ ಕರೆಂಟ್ ಬದಲಾದರೆ ಅದೂ ಸ್ವಲ್ಪ ಬದಲಾಗುತ್ತದೆ. ಮೀಟರನ್ನು 22 ಓಮ್‌ನ ಎರಡು ತುದಿಗೇ ಹಿಡಿಯಿರಿ, ಅದರ ಉದ್ದ ತಂತಿ ಡಯೋಡಿನ ದಾರಿಗೆ ಬರಬಾರದು. ಬೆರಳು ಬಂದ ಮಾತ್ರಕ್ಕೆ ಓದು ಬದಲಾದರೆ ಎಲ್ಲೋ ಮೇಲಿನ ಫ್ರೀಕ್ವೆನ್ಸಿಯಲ್ಲಿ ಅದು ಓಡುತ್ತಿರುವ ಸಾಧ್ಯತೆ ಜಾಸ್ತಿ.

ಬ್ರೆಡ್‌ಬೋರ್ಡ್ ಬಿಡಿ. ತಾಮ್ರದ ಹಲಗೆಯ ಮೇಲೆ 0.1, 4700 ಪಿಕೋ ಮತ್ತು ಡಯೋಡನ್ನು ಒಂದಕ್ಕೊಂದು ತಾಗುವಷ್ಟು ಹತ್ತಿರ ಬೆಸುಗೆ ಹಾಕಿ. ಜರ್ಮೇನಿಯಂಗೆ ಬಿಸಿ ಆಗದು, ಚಿಮುಟದಿಂದ ಕಾಲು ಹಿಡಿದು ಬೇಗ ಮುಗಿಸಿ. ಆಮೇಲೂ ಅನುಮಾನವಿದ್ದರೆ ಡಯೋಡಿನ ಬುಡದಲ್ಲೇ ಸೀರೀಸ್‌ನಲ್ಲಿ 33 ಓಮ್ ಹಾಕಿ ನೋಡಿ. ಆ 500 ಮೆಗಾಹರ್ಟ್ಸ್ ಚಾಳಿ ಸಾಮಾನ್ಯವಾಗಿ ನಿಲ್ಲುತ್ತದೆ. 20ಕ್ಕೆ 33 ಕೂಡಿದರೂ 125ರೊಳಗೇ ಇರುತ್ತೀರಿ.

ಹಾಗಾದರೆ 1 ಕಿಲೋ ಓಮ್ ಹಾಕಿ ಕಟ್ಟಿದ ಸರ್ಕ್ಯೂಟ್ ಕೆಲಸಕ್ಕೇ ಬಾರದ್ದೇ? ಖಂಡಿತ ಅಲ್ಲ. ಪ್ರಿಸೆಟಿನಿಂದ ಸಪ್ಲೈ ನಿಧಾನವಾಗಿ ಏರಿಸಿ. 1.06 ವೋಲ್ಟ್ ಹತ್ತಿರ ಡಯೋಡ್ 65 ಮಿಲಿವೋಲ್ಟಿನಿಂದ ಸುಮಾರು 450ಕ್ಕೆ ಜಿಗಿಯುತ್ತದೆ. ಈಗ ಇಳಿಸಿ. 0.47 ವೋಲ್ಟ್ ಬರುವ ತನಕ ಅದು ಕೆಳಗೆ ಬರುವುದಿಲ್ಲ. ಎರಡು ಸ್ಥಿತಿ, ನಡುವೆ ನ್ಯಾನೋಸೆಕೆಂಡಿನ ಲೆಕ್ಕದ ಜಿಗಿತ. ನನ್ನ ಬೆಂಚಿಗೆ ಬರುವ ಹಳೇ ಟೆಕ್‌ಟ್ರಾನಿಕ್ಸ್ ಸ್ಕೋಪುಗಳ ಟ್ರಿಗರ್ ಬೋರ್ಡಿನಲ್ಲಿ ಟನಲ್ ಡಯೋಡ್ ಕೂತಿರುವುದು ಇದೇ ಕೆಲಸಕ್ಕೆ. ಅಲ್ಲಿಂದ ಡಯೋಡ್ ಬಿಚ್ಚಿಕೊಂಡು ಬರುವವರು ಪಕ್ಕದ ಬಯಾಸ್ ರೆಸಿಸ್ಟರನ್ನೂ ಆಸಿಲೇಟರಿಗೆ ನಕಲು ಮಾಡುತ್ತಾರೆ. ಆ ರೆಸಿಸ್ಟರನ್ನು ಅಲ್ಲೇ ಬಿಟ್ಟು ಬನ್ನಿ. ಸ್ಕೋಪ್ ಇನ್ನೂ ಓಡುತ್ತಿದ್ದರೆ ಡಯೋಡನ್ನೂ ಬಿಟ್ಟು ಬನ್ನಿ.